ವಿಲನ್‌ನ ಫ್ಲ್ಯಾಶ್‌ಬ್ಯಾಕ್ ನೋಡಿದ ಮೇಲೆ ಅವನ ಮೇಲೆ ಮರುಕ ಹುಟ್ಟುವುದೇಕೆ?

ಕ್ರೈಂ ಸೀರೀಸ್ ನೋಡುವವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಐದಾರು ಎಪಿಸೋಡ್‌ಗಳವರೆಗೆ ಒಬ್ಬ ವಿಲನ್‌ನನ್ನು ಕಂಡರೆ ಮೈ ಉರಿಯುತ್ತಿರುತ್ತದೆ. ಆಮೇಲೆ ಒಂದು ಎಪಿಸೋಡ್‌ನಲ್ಲಿ ಅವನ ಹಳೆಯ ಕಥೆ ಬರುತ್ತದೆ. ಅವನೂ ಒಂದು ಕಾಲದಲ್ಲಿ ಅತ್ತಿದ್ದ, ಅವನ ಕಣ್ಣೆದುರೇ ಅವನ ಆಪ್ತರನ್ನು ಕೊಂದಿದ್ದರು ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಅವನು ಯಾರನ್ನಾದರೂ ಕೊಲ್ಲಲು ಹೊರಟರೆ, ‘ಸಿಕ್ಕಿಬೀಳದಿರಲಪ್ಪಾ’ ಎಂದು ನಾವೇ ಹಾರೈಸುತ್ತಿರುತ್ತೇವೆ!

ಇದರ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ. ವಿಲನ್ ಇಷ್ಟವಾದರೆ ನಮ್ಮ ಮನಸ್ಸಿನಲ್ಲೇ ಏನೋ ಕೆಟ್ಟದ್ದಿದೆ ಎನ್ನುವುದು ಒಂದು. ಅಷ್ಟು ನೋವು ತಿಂದವನು ಹಾಗಾಗುವುದು ಸಹಜ, ಯಾರಾದರೂ ಹಾಗೇ ಆಗುತ್ತಿದ್ದರು ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಹಾಗಾದರೆ ಆಗುವುದೇನು? ಒಂದೇ ಒಂದು ದೃಶ್ಯವನ್ನು ಬಿಚ್ಚಿ ನೋಡೋಣ. (‘ಬ್ರೇಕಿಂಗ್ ಬ್ಯಾಡ್’ ಇನ್ನೂ ನೋಡದವರಿಗೆ ಸೂಚನೆ: ಮುಂದೆ ಅದರ ಕಥೆಯ ಗುಟ್ಟುಗಳು ಬಿಟ್ಟುಹೋಗಲಿವೆ.)

ಕೋಳಿ ಹೋಟೆಲಿನ ಸಭ್ಯ ಮಾಲೀಕ

ಅಮೆರಿಕದ ಎಎಂಸಿ ಚಾನೆಲ್‌ನಲ್ಲಿ 2008ರಿಂದ 2013ರವರೆಗೆ ಬಂದ ಸೀರೀಸ್ ‘ಬ್ರೇಕಿಂಗ್ ಬ್ಯಾಡ್’. ಕ್ಯಾನ್ಸರ್ ಬಂದ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್, ಮೆತ್ ಎಂಬ ಮಾದಕ ವಸ್ತು ತಯಾರಿಸುವ ದಂಧೆಗೆ ಇಳಿಯುವ ಕಥೆ. ಅವನ ಮಾಲನ್ನು ಕೊಂಡು ಮಾರುವ ದೊಡ್ಡ ಕುಳವೇ ಗಸ್ ಫ್ರಿಂಗ್. ಈ ಪಾತ್ರ ಮಾಡಿದವರು ನಟ ಜಿಯಾನ್‌ಕಾರ್ಲೊ ಎಸ್ಪೊಸಿಟೊ.

ಗಸ್ ಹೊರನೋಟಕ್ಕೆ ಫ್ರೈಡ್ ಚಿಕನ್ ಹೋಟೆಲುಗಳ ಮಾಲೀಕ. ಇಸ್ತ್ರಿ ಮಾಡಿದ ಅಂಗಿ, ಟೈ, ಗಿರಾಕಿಗಳ ಜೊತೆ ನಯವಾದ ಮಾತು. ಒಳಗೆ ಅವನು ಎಂಥವನು ಎನ್ನುವುದನ್ನು 2011ರಲ್ಲಿ ಬಂದ ನಾಲ್ಕನೇ ಸೀಸನ್‌ನ ಮೊದಲ ಎಪಿಸೋಡ್ ತೋರಿಸುತ್ತದೆ. ತನ್ನದೇ ನಂಬಿಗಸ್ತ ಬಂಟ ವಿಕ್ಟರ್‌ನ ಕತ್ತನ್ನು, ರಟ್ಟಿನ ಡಬ್ಬ ಕೊಯ್ಯುವ ಬ್ಲೇಡಿನಿಂದ ಎಲ್ಲರ ಮುಂದೆಯೇ ಸೀಳುತ್ತಾನೆ. ಒಂದು ಮಾತಿಲ್ಲ. ಆಮೇಲೆ ಕೈ ತೊಳೆದು, ಬಟ್ಟೆ ಬದಲಿಸಿ, ಕೆಲಸಕ್ಕೆ ಹೋಗಿ ಎಂದು ಹೇಳಿ ಹೊರಡುತ್ತಾನೆ.

ಇನ್ನೊಂದು ವಿಷಯವನ್ನೂ ನೆನಪಿಡಿ. ಇದಕ್ಕೂ ಹಿಂದಿನ ಸೀಸನ್‌ನಲ್ಲಿ ಟೊಮಾಸ್ ಎಂಬ 11 ವರ್ಷದ ಹುಡುಗ ಬರುತ್ತಾನೆ. ಗಸ್‌ನ ಕೈಕೆಳಗೆ ಬೀದಿಯಲ್ಲಿ ಮಾಲು ಮಾರುವವರು ಆ ಹುಡುಗನ ಕೈಯಲ್ಲೇ ಒಂದು ಕೊಲೆ ಮಾಡಿಸಿರುತ್ತಾರೆ. ಕೊನೆಗೆ ಆ ಹುಡುಗನೇ ಹೆಣವಾಗುತ್ತಾನೆ.

ಈಜುಕೊಳದ ಪಕ್ಕದ ಆ ದೃಶ್ಯ

ಇಷ್ಟೆಲ್ಲ ಆದ ಮೇಲೆ, ಅದೇ ನಾಲ್ಕನೇ ಸೀಸನ್‌ನ ಎಂಟನೇ ಎಪಿಸೋಡ್‌ನಲ್ಲಿ ಗಸ್‌ನ ಫ್ಲ್ಯಾಶ್‌ಬ್ಯಾಕ್ ಬರುತ್ತದೆ. ಎಪಿಸೋಡ್‌ನ ಹೆಸರು ‘ಎರ್ಮಾನೋಸ್’, ಸ್ಪ್ಯಾನಿಷ್‌ನಲ್ಲಿ ಅಣ್ಣತಮ್ಮಂದಿರು ಎಂದರ್ಥ.

ವರ್ಷಗಳ ಹಿಂದೆ, ಮೆಕ್ಸಿಕೊದಲ್ಲಿ ಡ್ರಗ್ಸ್ ಗ್ಯಾಂಗಿನ ಯಜಮಾನ ಡಾನ್ ಎಲಾಡಿಯೊನ ಬಂಗಲೆ. ಈಜುಕೊಳದ ಪಕ್ಕದಲ್ಲಿ ಯುವಕ ಗಸ್ ಮತ್ತು ಅವನ ಜೊತೆಗಾರ ಮ್ಯಾಕ್ಸ್ ಕುಳಿತಿದ್ದಾರೆ. ಚಿಲಿ ದೇಶದ ಸ್ಯಾಂಟಿಯಾಗೊ ನಗರದ ಕೊಳೆಗೇರಿಯಿಂದ ಗಸ್ ಈ ಮ್ಯಾಕ್ಸ್‌ನನ್ನು ಮೇಲೆತ್ತಿ, ಓದಿಸಿ, ಕೆಮಿಸ್ಟ್ ಮಾಡಿದ್ದಾನೆ. ಇಬ್ಬರೂ ಸೇರಿ ಕೋಳಿ ಹೋಟೆಲು ನಡೆಸುತ್ತಿದ್ದಾರೆ. ಯಜಮಾನನ ಮುಂದೆ ಇಬ್ಬರಿಗೂ ಅಳುಕು, ಗಸ್ ಹೆದರಿಕೊಂಡೇ ಮಾತಾಡುತ್ತಾನೆ. ನಾವು ಅಲ್ಲಿಯವರೆಗೆ ಕಂಡಿದ್ದ ಕಲ್ಲುಮುಖದ ಗಸ್ ಇಲ್ಲಿಲ್ಲ.

ಮಾತು ಹದಗೆಡುತ್ತದೆ. ಮ್ಯಾಕ್ಸ್ ತನ್ನ ಗೆಳೆಯನನ್ನು ಬಿಟ್ಟುಬಿಡಿ ಎಂದು ಅಂಗಲಾಚುತ್ತಾನೆ. ಅವನ ಮಾತು ಮುಗಿಯುವ ಮೊದಲೇ ಹೆಕ್ಟರ್ ಸಲಮಾಂಕಾ ಎಂಬವನು ಅವನ ತಲೆಗೆ ಗುಂಡು ಹೊಡೆಯುತ್ತಾನೆ. ಗಸ್‌ನನ್ನು ನೆಲಕ್ಕೆ ಒತ್ತಿ ಹಿಡಿದು, ಸತ್ತ ಗೆಳೆಯನ ಮುಖವನ್ನೇ ನೋಡುವಂತೆ ಮಾಡುತ್ತಾರೆ. ಮ್ಯಾಕ್ಸ್‌ನ ರಕ್ತ ಈಜುಕೊಳಕ್ಕೆ ಹರಿಯುತ್ತದೆ.

ಎರಡು ಎಪಿಸೋಡ್ ಕಳೆದ ಮೇಲೆ ಗಸ್ ಅದೇ ಬಂಗಲೆಗೆ, ಅದೇ ಈಜುಕೊಳದ ಹತ್ತಿರಕ್ಕೆ ಬರುತ್ತಾನೆ. ಉಡುಗೊರೆಯಾಗಿ ತಂದ ಟೆಕಿಲಾದಲ್ಲಿ ವಿಷ ಬೆರೆಸಿರುತ್ತಾನೆ. ಅನುಮಾನ ಬರಬಾರದೆಂದು ತಾನೂ ಕುಡಿಯುತ್ತಾನೆ, ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಾನೆ. ಎಲಾಡಿಯೊ ಮತ್ತು ಅವನ ಕಡೆಯ ನಾಯಕರು ಒಬ್ಬೊಬ್ಬರಾಗಿ ಉರುಳುತ್ತಾರೆ. ಇದೊಂದು ಸಾಮೂಹಿಕ ಹತ್ಯೆ. ಆದರೂ ನೋಡುವವರ ಎದೆ ಹೊಡೆದುಕೊಳ್ಳುವುದು ‘ಗಸ್ ಬದುಕುತ್ತಾನೋ ಇಲ್ಲವೋ’ ಎಂದು.

ಅದೇ ಗಸ್, ಅದೇ ಕ್ರೌರ್ಯ. ಬದಲಾದದ್ದು ನಾವು. ಹೇಗೆ?

ಕ್ಯಾಮೆರಾ ಯಾರ ಪಕ್ಕದಲ್ಲಿದೆ?

ಯಾರಾದರೂ ನಮ್ಮ ಗಾಡಿಗೆ ಅಡ್ಡ ಬಂದು ನುಗ್ಗಿದರೆ ‘ಎಂಥಾ ದುರಹಂಕಾರಿ’ ಎನ್ನುತ್ತೇವೆ. ನಾವೇ ಹಾಗೆ ನುಗ್ಗಿದರೆ ‘ಆಸ್ಪತ್ರೆಗೆ ಹೊತ್ತಾಗಿತ್ತು’ ಎನ್ನುತ್ತೇವೆ. ಬೇರೆಯವರು ಮಾಡಿದ್ದಕ್ಕೆ ಅವರ ಗುಣ ಕಾರಣ, ನಾವು ಮಾಡಿದ್ದಕ್ಕೆ ಪರಿಸ್ಥಿತಿ ಕಾರಣ. ಈ ಒಲವು ನಮ್ಮೆಲ್ಲರಲ್ಲೂ ಇದೆ.

ಇದಕ್ಕೆ ಕಾರಣ ಬರೀ ಸ್ವಾರ್ಥವಲ್ಲ, ಕಣ್ಣು ಯಾವ ಕಡೆಗಿದೆ ಎನ್ನುವುದೂ ಕಾರಣ ಎಂದು ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಸ್ಟಾರ್ಮ್ಸ್ 1973ರಲ್ಲಿ ಒಂದು ಸರಳ ಪ್ರಯೋಗದಿಂದ ತೋರಿಸಿದರು. ಪರಿಚಯವಿಲ್ಲದ ಇಬ್ಬರನ್ನು ಎದುರುಬದುರು ಕೂರಿಸಿ ಸ್ವಲ್ಪ ಹೊತ್ತು ಮಾತಾಡಿಸಿದರು. ಇನ್ನಿಬ್ಬರು ಅವರನ್ನು ಗಮನಿಸುತ್ತಿದ್ದರು. ಎಲ್ಲವನ್ನೂ ವಿಡಿಯೊ ಮಾಡಲಾಗಿತ್ತು. ಆಮೇಲೆ ಕೆಲವರಿಗೆ ವಿಡಿಯೊವನ್ನು ಎದುರಿನ ಕೋನದಿಂದ ತೋರಿಸಿದರು. ಅಂದರೆ, ಮಾತಾಡಿದವನಿಗೆ ಅವನದೇ ಮುಖ ಕಾಣಿಸಿತು, ಅವನನ್ನು ಗಮನಿಸುತ್ತಿದ್ದವನಿಗೆ ಅವನ ಎದುರಿಗಿದ್ದ ವ್ಯಕ್ತಿ ಕಾಣಿಸಿದ.

ಕೋನ ಬದಲಾದಾಗ ತೀರ್ಪೂ ತಿರುಗಿತು. ಮಾತಾಡಿದವನ ಕಡೆಯಿಂದ ನೋಡಿದ ವೀಕ್ಷಕರು, ಅವನ ನಡವಳಿಕೆಗೆ ಸನ್ನಿವೇಶವೇ ಹೆಚ್ಚು ಕಾರಣ ಎಂದರು. ತನ್ನನ್ನು ತಾನೇ ಹೊರಗಿನಿಂದ ನೋಡಿದವನು, ಅದು ತನ್ನ ಸ್ವಭಾವ ಎಂದ. ಮಾತುಕತೆ ಅದೇ, ಜನ ಅವರೇ. ಕ್ಯಾಮೆರಾದ ಜಾಗ ಮಾತ್ರ ಬೇರೆ.

ಈಗ ಗಸ್‌ನ ಎರಡು ದೃಶ್ಯಗಳನ್ನು ಹೋಲಿಸಿ. ವಿಕ್ಟರ್‌ನನ್ನು ಕೊಲ್ಲುವಾಗ ನಾವು ಗಸ್‌ನನ್ನು ಹೊರಗಿನಿಂದ ನೋಡುತ್ತೇವೆ. ಕುರ್ಚಿಯಲ್ಲಿ ಗಡಗಡ ನಡುಗುತ್ತಾ ಕುಳಿತ ವಾಲ್ಟರ್ ಮತ್ತು ಅವನ ಜೊತೆಗಾರನ ಜಾಗದಲ್ಲಿ ನಾವಿರುತ್ತೇವೆ. ಅದಕ್ಕೇ ಗಸ್ ರಾಕ್ಷಸನಂತೆ ಕಾಣುತ್ತಾನೆ. ಈಜುಕೊಳದ ದೃಶ್ಯದಲ್ಲಿ ನಾವು ಗಸ್‌ನ ಜೊತೆ ನೆಲದ ಮೇಲೆ ಬಿದ್ದಿರುತ್ತೇವೆ. ಅವನು ಏನು ನೋಡುತ್ತಾನೋ ಅದನ್ನೇ ನಾವೂ ನೋಡುತ್ತೇವೆ. ಅಲ್ಲಿಯವರೆಗೆ ‘ಅವನು ಅಂಥವನೇ’ ಎನ್ನುತ್ತಿದ್ದ ಮನಸ್ಸು ‘ಅವನಿಗೆ ಹಾಗಾಗಿತ್ತು’ ಎನ್ನತೊಡಗುತ್ತದೆ. ಮನುಷ್ಯರು ಬೇರೆಯವರನ್ನು ಅರ್ಥ ಮಾಡಿಕೊಳ್ಳುವ ಮಾಮೂಲಿ ರೀತಿಯೇ ಇದು, ಕೆಟ್ಟ ಮನಸ್ಸಿನ ಗುರುತಲ್ಲ.

ಮುಖ ಕಂಡವನಿಗೆ ಮೊದಲ ಪಾಲು

ಮರುಕ ಹುಟ್ಟುವುದು ತಪ್ಪಲ್ಲ. ಆದರೆ ಮರುಕ ಸಮನಾಗಿ ಹಂಚಿಕೆಯಾಗುವುದಿಲ್ಲ, ತೊಡಕು ಇರುವುದು ಅಲ್ಲಿ.

ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ವಿದ್ಯಾರ್ಥಿಗಳಿಗೆ ಶೆರಿ ಎಂಬ 10 ವರ್ಷದ ಹುಡುಗಿಯ ಸಂದರ್ಶನ ಕೇಳಿಸಿದರು. ಅವಳಿಗೆ ವಾಸಿಯಾಗದ ಕಾಯಿಲೆ. ನೋವು ಕಡಿಮೆ ಮಾಡುವ ಒಂದು ಔಷಧವಿದೆ, ಆದರೆ ಅದಕ್ಕೆ ಕಾಯುವವರ ಪಟ್ಟಿಯಿದೆ. ಪಟ್ಟಿಯಲ್ಲಿ ಅವಳಿಗಿಂತ ಮುಂದಿರುವವರೂ ಮಕ್ಕಳೇ, ಅವರ ಅಗತ್ಯ ಇನ್ನೂ ಹೆಚ್ಚು ಅಥವಾ ಅವರು ಹೆಚ್ಚು ದಿನದಿಂದ ಕಾಯುತ್ತಿದ್ದಾರೆ. ಶೆರಿಯನ್ನು ಮುಂದಕ್ಕೆ ತರುತ್ತೀರಾ? (ಶೆರಿ ನಿಜವಾದ ಹುಡುಗಿಯಲ್ಲ, ಅಧ್ಯಯನಕ್ಕಾಗಿ ಕಟ್ಟಿದ ಪಾತ್ರ. ವಿದ್ಯಾರ್ಥಿಗಳಿಗೆ ಅದು ಗೊತ್ತಿರಲಿಲ್ಲ.)

ಭಾವನೆಗೆ ಒಳಗಾಗದೆ ಕೇಳಿ ಎಂದು ಹೇಳಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಅವಳನ್ನು ಮುಂದಕ್ಕೆ ತಂದರು. ಅವಳಿಗೆ ಹೇಗನ್ನಿಸುತ್ತಿರಬಹುದು ಎಂದು ಕಲ್ಪಿಸಿಕೊಳ್ಳಿ ಎಂದು ಹೇಳಿಸಿಕೊಂಡವರಲ್ಲಿ ಸುಮಾರು ನಾಲ್ಕರಲ್ಲಿ ಮೂವರು ಹಾಗೆ ಮಾಡಿದರು. ಸರದಿ ತಪ್ಪಿಸಿಕೊಂಡ ಮಕ್ಕಳ ದನಿಯನ್ನು ಯಾರೂ ಕೇಳಿರಲಿಲ್ಲ. ಅವರು ಪಟ್ಟಿಯಲ್ಲಿದ್ದವರು ಮಾತ್ರ.

ಇಲ್ಲಿ ವಿದ್ಯಾರ್ಥಿಗಳು ಮರುಗಿದ್ದು ನಿರಪರಾಧಿ ಮಗುವಿಗೆ. ಆದರೂ ಆ ಮರುಕದ ಬೆಲೆ ತೆತ್ತವರು ಕಣ್ಣಿಗೆ ಕಾಣದ ಇತರ ಮಕ್ಕಳು. ಸೀರೀಸ್‌ನಲ್ಲೂ ಹೀಗೇ ಆಗುತ್ತದೆ. ವಿಕ್ಟರ್‌ಗೆ ಅಪ್ಪ ಅಮ್ಮ ಇದ್ದರೇ? ಅವನು ಈ ದಂಧೆಗೆ ಬಂದದ್ದು ಹೇಗೆ? ಅವನಿಗೆ ಫ್ಲ್ಯಾಶ್‌ಬ್ಯಾಕ್ ಇಲ್ಲ, ಹಾಗಾಗಿ ನಮ್ಮ ಮನಸ್ಸಿನಲ್ಲಿ ಅವನಿಗೆ ಜಾಗವೂ ಇಲ್ಲ. ಗಸ್‌ನ ಕಾರ್ಖಾನೆಯಿಂದ ವಾರವಾರವೂ ಹೊರಬೀಳುವ ಮೆತ್ ಸೇದಿ ಹಾಳಾದವರಂತೂ ಲೆಕ್ಕಕ್ಕೇ ಬರುವುದಿಲ್ಲ.

ತೋರಿಸಿದ್ದು ಯಾವುದು, ಬಚ್ಚಿಟ್ಟಿದ್ದು ಯಾವುದು?

ಈಜುಕೊಳದ ದೃಶ್ಯಕ್ಕೆ ಮತ್ತೊಮ್ಮೆ ಹೋಗೋಣ. ಗಸ್ ಮತ್ತು ಮ್ಯಾಕ್ಸ್ ಅಲ್ಲಿಗೆ ಯಾಕೆ ಹೋಗಿದ್ದರು? ಮೆತ್ ವ್ಯಾಪಾರ ಕುದುರಿಸಲು. ಯಜಮಾನನ ಭೇಟಿ ಸಿಗಲೆಂದೇ ಅವನ ಆಳುಗಳಿಗೆ ಮೆತ್‌ನ ಸ್ಯಾಂಪಲ್ ಕೊಟ್ಟಿದ್ದರು. ಅದನ್ನು ತಯಾರಿಸಿದ್ದು ಮ್ಯಾಕ್ಸ್. ಅಂದರೆ ಆ ಕೊಲೆ ಗಸ್‌ನನ್ನು ಅಪರಾಧಿ ಮಾಡಲಿಲ್ಲ, ಅವನು ಅಲ್ಲಿಗೆ ಕಾಲಿಟ್ಟಾಗಲೇ ಈ ದಂಧೆಗೆ ಇಳಿದಾಗಿತ್ತು. ಇದನ್ನು ಸೀರೀಸ್ ಮುಚ್ಚಿಟ್ಟಿಲ್ಲ, ಪಾತ್ರಗಳ ಬಾಯಲ್ಲೇ ಹೇಳಿಸಿದೆ. ಆದರೆ ಗುಂಡಿನ ಸದ್ದಾದ ಮೇಲೆ ನಮಗೆ ಅದು ನೆನಪಿರುವುದಿಲ್ಲ.

ಸೀರೀಸ್ ನಿಜವಾಗಿಯೂ ಬಚ್ಚಿಟ್ಟಿರುವುದು ಬೇರೊಂದಿದೆ. ಗಸ್‌ನನ್ನು ಕೊಲ್ಲದೆ ಬಿಟ್ಟದ್ದು ಅವನು ಯಾರೆಂದು ಗೊತ್ತಿರುವುದರಿಂದ ಎಂದು ಎಲಾಡಿಯೊ ಹೇಳುತ್ತಾನೆ. ಚಿಲಿಯಲ್ಲಿ ಗಸ್ ಏನಾಗಿದ್ದ? ಅಲ್ಲಿ ಏನು ಮಾಡಿದ್ದ? ಉತ್ತರವಿಲ್ಲ. ಅವನು ಕಳೆದುಕೊಂಡ ದಿನವನ್ನು ವಿವರವಾಗಿ ತೋರಿಸುತ್ತಾರೆ, ಅವನಿಗೆ ಬಲವಿದ್ದ ದಿನಗಳನ್ನು ಕತ್ತಲಲ್ಲೇ ಬಿಡುತ್ತಾರೆ. ಒಂದು ಬದುಕಿನಿಂದ ಯಾವ ಹತ್ತು ನಿಮಿಷ ಆರಿಸುತ್ತೇವೆ ಎನ್ನುವುದರಲ್ಲೇ ಅರ್ಧ ತೀರ್ಪು ಮುಗಿದಿರುತ್ತದೆ.

ಇನ್ನು, ಈ ದೃಶ್ಯದಲ್ಲಿ ಗಸ್‌ಗಿಂತ ದೊಡ್ಡ ಪಾಪಿಗಳಿದ್ದಾರೆ. ಅಂಗಲಾಚುತ್ತಿರುವವನನ್ನು ಕೊಲ್ಲುವ ಹೆಕ್ಟರ್, ಅದನ್ನು ಆರಾಮವಾಗಿ ನೋಡುವ ಎಲಾಡಿಯೊ. ಅವರ ಪಕ್ಕದಲ್ಲಿ ಗಸ್ ಸಣ್ಣವನಾಗಿ ಕಾಣುತ್ತಾನೆ. ವಿಲನ್‌ಗೆ ಇನ್ನೊಬ್ಬ ವಿಲನ್ ಸಿಕ್ಕಿಬಿಟ್ಟರೆ ಮೊದಲನೆಯವನಿಗೆ ಹೀರೋ ಕುರ್ಚಿ ತಾನಾಗಿಯೇ ಖಾಲಿಯಾಗುತ್ತದೆ.

ಒಂದು ಬೀಗದ ಕೀಲಿ, ಎಲ್ಲ ಬಾಗಿಲಿಗೂ?

ಇಡೀ ಆಟದ ಮುಖ್ಯ ಹಂತ ಇದು. ಮ್ಯಾಕ್ಸ್‌ನ ಸಾವು ಗಸ್‌ನ ಯಾವ ಕೃತ್ಯವನ್ನು ವಿವರಿಸುತ್ತದೆ? ಎಲಾಡಿಯೊಗೆ ವಿಷ ಹಾಕಿದ್ದನ್ನು ವಿವರಿಸುತ್ತದೆ. ಮುದಿಯಾಗಿ, ಮಾತು ನಿಂತು, ಗಾಲಿಕುರ್ಚಿ ಹಿಡಿದ ಹೆಕ್ಟರ್‌ನನ್ನು ಅವನು ಹುಡುಕಿ ಹೋಗಿ ಹಿಂಸಿಸುವುದನ್ನೂ ವಿವರಿಸುತ್ತದೆ.

ವಿಕ್ಟರ್‌ನ ಕೊಲೆಯನ್ನು ವಿವರಿಸುತ್ತದೆಯೇ? ಇಲ್ಲ. ವಿಕ್ಟರ್‌ಗೂ ಮ್ಯಾಕ್ಸ್‌ಗೂ ಸಂಬಂಧವೇ ಇಲ್ಲ. 11 ವರ್ಷದ ಹುಡುಗನನ್ನು ಬಳಸಿಕೊಳ್ಳುವ ಜಾಲ ನಡೆಸುವುದನ್ನು ವಿವರಿಸುತ್ತದೆಯೇ? ಅದೂ ಇಲ್ಲ. ವಿಷದ ಪ್ರಸಂಗ ಮುಗಿದ ಮರು ಎಪಿಸೋಡ್‌ನಲ್ಲೇ ಗಸ್ ಮರುಭೂಮಿಯಲ್ಲಿ ವಾಲ್ಟರ್‌ನನ್ನು ಮಂಡಿಯೂರಿಸಿ, ಅವನ ಹೆಂಡತಿ, ಮಗ, ಹಸುಗೂಸನ್ನೂ ಕೊಲ್ಲುತ್ತೇನೆ ಎಂದು ಬೆದರಿಸುತ್ತಾನೆ. ಆ ಹಸುಗೂಸು ಮ್ಯಾಕ್ಸ್‌ಗೆ ಏನು ಮಾಡಿತ್ತು?

ಫ್ಲ್ಯಾಶ್‌ಬ್ಯಾಕ್ ಒಂದು ಕೃತ್ಯಕ್ಕೆ ಕಾರಣ ಕೊಡುತ್ತದೆ. ನಾವು ಅದನ್ನು ಆ ಮನುಷ್ಯನ ಎಲ್ಲ ಕೃತ್ಯಗಳಿಗೂ ಹಂಚಿಬಿಡುತ್ತೇವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರಣವನ್ನೇ ಸಮರ್ಥನೆ ಎಂದುಕೊಳ್ಳುತ್ತೇವೆ. ಯಾಕೆ ಮಾಡಿದ ಎಂದು ತಿಳಿಯುವುದು ಬೇರೆ, ಮಾಡಿದ್ದು ಸರಿ ಎನ್ನುವುದು ಬೇರೆ. ಈ ಸೀರೀಸ್‌ನವರು ಹಸುಗೂಸಿನ ಬೆದರಿಕೆಯನ್ನು ವಿಷದ ಪ್ರಸಂಗದ ಬೆನ್ನಿಗೇ ಇಟ್ಟು, ನಮ್ಮ ಮರುಕಕ್ಕೆ ತಾವೇ ಒಂದು ಪೆಟ್ಟು ಕೊಟ್ಟಿದ್ದಾರೆ. ಎಲ್ಲ ಸೀರೀಸ್‌ಗಳೂ ಹಾಗೆ ಮಾಡುವುದಿಲ್ಲ.

‘ನೋವು ತಿಂದವನು ಹಾಗೇ ಆಗುತ್ತಾನೆ’ ಎಂಬುದು ನಿಜವೇ?

ವಿಲನ್‌ಗಳಿಗೆ ಹೆಚ್ಚಾಗಿ ಕೊಡುವ ಹಿನ್ನೆಲೆ ಬಾಲ್ಯದ ಹಿಂಸೆಯದ್ದು. ಇದನ್ನು ಅಮೆರಿಕದ ಸಂಶೋಧಕಿ ಕ್ಯಾಥಿ ವಿಡಮ್ ಲೆಕ್ಕ ಹಾಕಿ ನೋಡಿದರು. ಬಾಲ್ಯದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದದ್ದು ಕೋರ್ಟಿನ ದಾಖಲೆಯಲ್ಲಿದ್ದ 908 ಜನರನ್ನು, ಅದೇ ಥರದ ಹಿನ್ನೆಲೆಯ, ಆದರೆ ಅಂಥ ದಾಖಲೆ ಇಲ್ಲದ 667 ಜನರೊಂದಿಗೆ ಹೋಲಿಸಿದರು. 1989ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದೊಡ್ಡವರಾದ ಮೇಲೆ ಅಪರಾಧಕ್ಕಾಗಿ ಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ಶೇ. 29ರಷ್ಟು, ಎರಡನೆಯದರಲ್ಲಿ ಶೇ. 21ರಷ್ಟು.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಬಾಲ್ಯದ ಹಿಂಸೆ ಅಪಾಯವನ್ನು ಹೆಚ್ಚಿಸುತ್ತದೆ, ಅದು ಸುಳ್ಳಲ್ಲ. ಆದರೆ ಹಿಂಸೆ ಅನುಭವಿಸಿದವರಲ್ಲೂ ಹತ್ತರಲ್ಲಿ ಏಳು ಮಂದಿ ಆ ದಾಖಲೆಯಲ್ಲಿ ಇಲ್ಲವೇ ಇಲ್ಲ. ‘ಅಂಥ ಬಾಲ್ಯ ಇದ್ದವನು ಕೊಲೆಗಾರನಾಗದೆ ಇನ್ನೇನಾಗುತ್ತಾನೆ’ ಎಂದು ವಿಲನ್‌ನ ಪರ ವಾದಿಸುವಾಗ, ಅಂಥದ್ದೇ ಬಾಲ್ಯ ಕಂಡು ಯಾರಿಗೂ ಕೈ ಎತ್ತದೆ ಬದುಕುತ್ತಿರುವವರ ಮೇಲೆ ನಮಗೆ ಗೊತ್ತಿಲ್ಲದೆಯೇ ಅನುಮಾನದ ನೆರಳು ಬೀಳಿಸುತ್ತೇವೆ.

ಅದೇ ತಂತ್ರ ಫಾರ್ವರ್ಡ್‌ನಲ್ಲಿ ಬಂದಾಗ

ಗಸ್ ಕಲ್ಪನೆಯ ಪಾತ್ರ. ಅವನಿಗೆ ಮರುಗಿದರೆ ಯಾರಿಗೂ ನಷ್ಟವಿಲ್ಲ. ನಿಜವಾದ ಅಪರಾಧಿಯ ಮೇಲೂ ಇದೇ ತಂತ್ರ ಕೆಲಸ ಮಾಡುತ್ತದೆ, ಮತ್ತು ನಮ್ಮ ಮೊಬೈಲ್‌ಗೆ ಅದು ಸೀರೀಸ್ ರೂಪದಲ್ಲಿ ಬರುವುದಿಲ್ಲ. ಹಿನ್ನೆಲೆ ಸಂಗೀತ ಹಾಕಿದ ಎರಡು ನಿಮಿಷದ ವಿಡಿಯೊ ಆಗಿಯೋ, ‘ಇವನು ಯಾಕೆ ಹೀಗಾದ ಗೊತ್ತಾ?’ ಎಂಬ ಉದ್ದದ ಮೆಸೇಜ್ ಆಗಿಯೋ ಬರುತ್ತದೆ.

ಕರ್ನಾಟಕದವರಿಗೆ ಇದರ ದೊಡ್ಡ ಉದಾಹರಣೆ ವೀರಪ್ಪನ್. ಅವನ ಸೋದರಿಯ ಸಾವಿಗೆ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕಾರಣರೆಂದು ಅವನು ಸೇಡು ತೀರಿಸಿಕೊಂಡ ಎನ್ನುವ ಕಥೆ ಜನರ ಬಾಯಲ್ಲಿದೆ. ಅವನು ಹಾಗೆ ನಂಬಿದ್ದ ಎಂದೇ ಇಟ್ಟುಕೊಳ್ಳೋಣ. ಆ ನಂಬಿಕೆ ನಿಜವೆಂದು ಅದರಿಂದ ಸಾಬೀತಾಗುವುದಿಲ್ಲ. ಅದು ವಿವರಿಸುವುದೂ 1991ರ ಒಂದು ಕೊಲೆಯನ್ನು ಮಾತ್ರ. ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು ಮಾಡಿದ ಕೊಲೆ ಅದು. 1993ರಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 20ಕ್ಕೂ ಹೆಚ್ಚು ಜನರನ್ನು ಕೊಂದದ್ದನ್ನು ಅದು ವಿವರಿಸುವುದಿಲ್ಲ. ಶ್ರೀನಿವಾಸ್ ಅವರು ಗೋಪಿನಾಥಂನ ಜನರ ಮಧ್ಯೆ ಇದ್ದು ಅಲ್ಲಿ ಮನೆ, ಆಸ್ಪತ್ರೆ, ದೇವಸ್ಥಾನದ ಕೆಲಸ ಮಾಡಿಸಿದವರು. ವೀರಪ್ಪನ್‌ನ ಕಡೆಯಿಂದ ಹೇಳುವ ಕಥೆಯಲ್ಲಿ ಅವರು ಬರೀ ಒಂದು ಹೆಸರು, ಗಸ್‌ನ ಕಥೆಯಲ್ಲಿ ವಿಕ್ಟರ್ ಇದ್ದ ಹಾಗೆ.

ಹಾಗೆಂದು ಆ ಕಾಡಿನಂಚಿನ ನೋವೆಲ್ಲ ಕಟ್ಟುಕಥೆ ಅಲ್ಲ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ವಿಶೇಷ ಕಾರ್ಯಪಡೆಯಿಂದ ಹಿಂಸೆ ಆಯಿತೆಂದು ಗ್ರಾಮಸ್ಥರು ಕೊಟ್ಟ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ಸಮಿತಿ ವಿಚಾರಣೆ ನಡೆಸಿತು, ಹಲವರಿಗೆ ಪರಿಹಾರ ಕೊಡುವಂತೆ ಆಯೋಗ ಹೇಳಿತು. ಆದರೆ ಅದು ಆ ಗ್ರಾಮಸ್ಥರ ನೋವು. ಅಪರಾಧಿಯ ಕಥೆ ಹೇಳುವವರು ಎಷ್ಟೋ ಸಲ ಅಕ್ಕಪಕ್ಕದವರ ನೋವನ್ನೂ ತಂದು ಅವನ ಖಾತೆಗೇ ಜಮಾ ಮಾಡಿಬಿಡುತ್ತಾರೆ.

ಇನ್ನೊಂದು ವ್ಯತ್ಯಾಸವೂ ಇದೆ. ಸೀರೀಸ್‌ನಲ್ಲಿ ಫ್ಲ್ಯಾಶ್‌ಬ್ಯಾಕ್ ತೋರಿಸಿದರೆ ಅದು ಆ ಕಥೆಯೊಳಗೆ ಸಾಮಾನ್ಯವಾಗಿ ನಿಜವೇ, ಬರೆದವರೇ ಅದಕ್ಕೆ ಸಾಕ್ಷಿ. ಫಾರ್ವರ್ಡ್ ಆಗಿ ಬರುವ ಹಿನ್ನೆಲೆ ಕಥೆಗೆ ಅಂಥ ಸಾಕ್ಷಿ ಇಲ್ಲ. ಅದು ಅಪರಾಧಿಯೇ ಹೇಳಿಕೊಂಡದ್ದಿರಬಹುದು, ಅಭಿಮಾನಿ ಸೇರಿಸಿದ್ದಿರಬಹುದು, ಯಾವುದೋ ಸಿನಿಮಾದ ದೃಶ್ಯವೇ ಇರಬಹುದು.

ಮುಂದಿನ ಸಲ ಅಂಥದ್ದೊಂದು ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕಥೆ ಅವನ ಯಾವ ಕೃತ್ಯವನ್ನು ವಿವರಿಸುತ್ತದೆ, ಯಾವುದನ್ನು ವಿವರಿಸುವುದಿಲ್ಲ? ಇದು ನಿಜ ಎಂದು ಹೇಳುತ್ತಿರುವವರು ಯಾರು? ಸತ್ತವರ ಬಗ್ಗೆ ಇದರಲ್ಲಿ ಎಷ್ಟು ಸಾಲುಗಳಿವೆ? ಮೂರನೆಯದಕ್ಕೆ ಉತ್ತರ ‘ಒಂದೂ ಇಲ್ಲ’ ಎಂದಾದರೆ, ನಿಮ್ಮ ಕೈಯಲ್ಲಿರುವುದು ಅರ್ಧ ಕಥೆ. ಫಾರ್ವರ್ಡ್ ಒತ್ತುವ ಮೊದಲು, ಅದೇ ಗುಂಪಿನಲ್ಲಿ ಸತ್ತವರ ಮನೆಯವರೊಬ್ಬರು ಇದ್ದಿದ್ದರೆ ಇದನ್ನು ಕಳಿಸುತ್ತಿದ್ದೆನೇ ಎಂದು ಯೋಚಿಸಿ. ಉಳಿದಂತೆ, ಗಸ್‌ಗಾಗಿ ಕಣ್ಣು ಒದ್ದೆಯಾದರೆ ನಾಚಿಕೆ ಬೇಡ. ಒಂದು ನಿಮಿಷ ವಿಕ್ಟರ್‌ನನ್ನೂ ನೆನೆಸಿಕೊಳ್ಳಿ.